ಟ್ರಯಲ್ ಬ್ಯಾಲೆನ್ಸ್ ತಾಳೆಯಾಗಿದೆ, ಇನ್‌ಪುಟ್ ತೆರಿಗೆ ತಾಳೆಯಾಗುತ್ತಿಲ್ಲ: ಉದ್ರಿ ಖರೀದಿ ಬಿಲ್ಲಿನ ಎಂಟ್ರಿಯಲ್ಲಿ ತಪ್ಪು ಹುಡುಕುವ ಕ್ರಮ

ತಿಂಗಳ ಲೆಕ್ಕ ಮುಗಿಸಿ ಟ್ರಯಲ್ ಬ್ಯಾಲೆನ್ಸ್ ತೆಗೆದಿದ್ದೀರಿ. ಎರಡೂ ಕಡೆ ಒಂದೇ ಮೊತ್ತ ಬಂದಿದೆ. ಮಾಲು ಕೊಟ್ಟ ಪಾರ್ಟಿಗಳ ಸ್ಟೇಟ್‌ಮೆಂಟ್ ತರಿಸಿ ನೋಡಿದರೆ ಬಾಕಿಯೂ ಹೊಂದುತ್ತದೆ. ಆದರೆ ಮಾಲು ಕೊಟ್ಟವರು ಏರಿಸಿದ ಬಿಲ್ಲುಗಳ ಮೇಲೆ ನಮಗೆ ಸಿಗುವ ಕ್ರೆಡಿಟ್ ತೋರಿಸುವ, ಜಿಎಸ್‌ಟಿ ಪೋರ್ಟಲ್ಲಿನಿಂದ ಇಳಿಸಿಕೊಂಡ ಜಿಎಸ್‌ಟಿಆರ್-2ಬಿ ಒಂದು ಮೊತ್ತ ಹೇಳುತ್ತದೆ, ಪುಸ್ತಕದ ಇನ್‌ಪುಟ್ ಲೆಡ್ಜರ್‌ಗಳು ಇನ್ನೊಂದು ಹೇಳುತ್ತವೆ. ಸಣ್ಣ ಅಂಗಡಿಗಳ ಲೆಕ್ಕದಲ್ಲಿ ಪದೇ ಪದೇ ಎದುರಾಗುವ ದೋಷ ಇದು. ಇದು ಅಡಗಿ ಕೂರಲು ಕಾರಣವಿದೆ. ಉದ್ರಿ ಖರೀದಿಯ ಎಂಟ್ರಿಯಲ್ಲಿ ತೆರಿಗೆಯನ್ನು ತಪ್ಪು ಲೆಡ್ಜರ್‌ಗೆ ಹಾಕಿದರೂ ಡೆಬಿಟ್ ಒಟ್ಟು ಮತ್ತು ಕ್ರೆಡಿಟ್ ಒಟ್ಟು ಸಮವಾಗಿಯೇ ಇರುತ್ತವೆ. ತಪ್ಪು ಡೆಬಿಟ್ ಕಡೆಯ ಒಳಗೇ ನಡೆದಿರುವುದರಿಂದ ಟ್ರಯಲ್ ಬ್ಯಾಲೆನ್ಸ್‌ಗೆ ಅದು ಕಾಣುವುದಿಲ್ಲ.

ದಾವಣಗೆರೆಯ ಒಂದು ಹಾರ್ಡ್‌ವೇರ್ ಅಂಗಡಿಯ 2025ರ ಅಕ್ಟೋಬರ್ ತಿಂಗಳ ಲೆಕ್ಕವನ್ನು ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಪೈಪು, ನಲ್ಲಿ, ಬಣ್ಣ ಮಾರುವ ಅಂಗಡಿ. ಎಲ್ಲಕ್ಕೂ ತೆರಿಗೆ ಶೇ. 18. ತಪ್ಪಿನ ದಾರಿ ಸ್ಪಷ್ಟವಾಗಿ ಕಾಣಲೆಂದು ಮೊತ್ತಗಳನ್ನು ದುಂಡಗೆ ಇಟ್ಟಿದ್ದೇನೆ.

2ಬಿ ಪ್ರಕಾರ ಅಕ್ಟೋಬರ್‌ನ ಕ್ರೆಡಿಟ್:
- ಐಜಿಎಸ್‌ಟಿ 4,500
- ಸಿಜಿಎಸ್‌ಟಿ 15,600
- ಎಸ್‌ಜಿಎಸ್‌ಟಿ 15,600

ಪುಸ್ತಕದ ಪ್ರಕಾರ:
- ಐಜಿಎಸ್‌ಟಿ ಇಲ್ಲ
- ಸಿಜಿಎಸ್‌ಟಿ 15,150
- ಎಸ್‌ಜಿಎಸ್‌ಟಿ 15,150

ಇಲ್ಲಿ ಎಲ್ಲರೂ ಮೊದಲು ಮಾಡುವ ಕೆಲಸವೆಂದರೆ 450ರ ವ್ಯತ್ಯಾಸ ನೋಡಿ, 450 ರೂಪಾಯಿ ಸಿಜಿಎಸ್‌ಟಿ ಇರುವ ಬಿಲ್ಲು ಯಾವುದೆಂದು ಫೈಲು ತಿರುವಿ ಹಾಕುವುದು. ಅಂಥ ಬಿಲ್ಲೇ ಈ ಅಂಗಡಿಯಲ್ಲಿಲ್ಲ. ಆ 450 ಒಂದು ತಪ್ಪಿನ ಮೊತ್ತವಲ್ಲ, ಮೂರು ತಪ್ಪುಗಳು ಒಂದನ್ನೊಂದು ಕಡಿದುಕೊಂಡು ಉಳಿದ ಶೇಷ. ಸಿಗಲಿಲ್ಲವೆಂದು ಬೇಸತ್ತು "ವ್ಯತ್ಯಾಸ" ಎಂಬ ಹೆಸರಿನಲ್ಲೊಂದು ಜರ್ನಲ್ ಹಾಕಿ ಮುಚ್ಚುವವರೂ ಇದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಈ ಒಂದು ಜರ್ನಲ್ಲಿನ ಕೆಳಗೆ ಏನೇನು ಹೂತುಹೋಗುತ್ತದೆ ಎಂಬುದು ಮುಂದೆ ಗೊತ್ತಾಗುತ್ತದೆ.

ಮೊದಲು ಸರಿಯಾದ ಎಂಟ್ರಿ ಹೇಗಿರಬೇಕು

ಬೆಂಗಳೂರಿನ ಪೈಪ್ ಸಗಟು ವ್ಯಾಪಾರಿಯ 8 ಅಕ್ಟೋಬರ್ ತಾರೀಖಿನ ಬಿಲ್ಲನ್ನು ತೆಗೆದುಕೊಳ್ಳಿ. 200 ಪೈಪಿಗೆ 40,000. ಅದರಲ್ಲಿ ಟ್ರೇಡ್ ಡಿಸ್ಕೌಂಟ್ 2,000 ಕಳೆದು 38,000. ಬಿಲ್ಲಿನಲ್ಲೇ ಸೇರಿಸಿದ ಸಾಗಣೆ 2,000. ತೆರಿಗೆ ಬೀಳುವ ಮೌಲ್ಯ 40,000. ಅದರ ಮೇಲೆ ಸಿಜಿಎಸ್‌ಟಿ ಶೇ. 9ರಂತೆ 3,600, ಎಸ್‌ಜಿಎಸ್‌ಟಿ 3,600. ಒಟ್ಟು 47,200.

ಖರೀದಿ ಖಾತೆ, ಡೆಬಿಟ್ 38,000
ಒಳಸಾಗಣೆ ವೆಚ್ಚ ಖಾತೆ, ಡೆಬಿಟ್ 2,000
ಇನ್‌ಪುಟ್ ಸಿಜಿಎಸ್‌ಟಿ ಖಾತೆ, ಡೆಬಿಟ್ 3,600
ಇನ್‌ಪುಟ್ ಎಸ್‌ಜಿಎಸ್‌ಟಿ ಖಾತೆ, ಡೆಬಿಟ್ 3,600
ಪೈಪ್ ವ್ಯಾಪಾರಿಯ ಖಾತೆಗೆ, ಕ್ರೆಡಿಟ್ 47,200

ಟ್ರೇಡ್ ಡಿಸ್ಕೌಂಟಿಗೆ ಬೇರೆ ಖಾತೆ ಬೇಕಿಲ್ಲ, ಬಿಲ್ಲಿನಲ್ಲೇ ಕಳೆದಿರುವುದರಿಂದ ಉಳಿದ ಮೊತ್ತವನ್ನೇ ಖರೀದಿಗೆ ಹಾಕಬೇಕು. ತೆರಿಗೆಯ 7,200 ಖರ್ಚಲ್ಲ, ಅದು ಸರ್ಕಾರದಿಂದ ನಮಗೆ ಸಲ್ಲಬೇಕಾದ ಬಾಕಿ; ಹಾಗಾಗಿ ಅದು ಆಸ್ತಿಯ ಕಡೆ ಕೂರುತ್ತದೆ. ಪಾರ್ಟಿಗೆ ಮಾತ್ರ ತೆರಿಗೆ ಸೇರಿಸಿ ಪೂರ್ತಿ 47,200 ಕ್ರೆಡಿಟ್ ಆಗಬೇಕು, ಏಕೆಂದರೆ ನಾವು ಅವರಿಗೆ ಕೊಡುವುದು ಅಷ್ಟನ್ನೂ.

ಪಾರ್ಟಿ ಬಾಕಿಯಿಂದ ಸಿಗುವ ಸುಳಿವು

ಬಿಲ್ಲು ಹುಡುಕುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ಪಾರ್ಟಿ ಬಾಕಿಯೂ ತಪ್ಪಾಗಿದೆಯೇ, ತೆರಿಗೆ ಮಾತ್ರ ತಪ್ಪಾಗಿದೆಯೇ? ಇದರಿಂದ ಅರ್ಧ ಕೆಲಸ ಕಡಿಮೆಯಾಗುತ್ತದೆ.

ಪಾರ್ಟಿ ಬಾಕಿ ತೆರಿಗೆಯಷ್ಟೇ ಕಡಿಮೆ ಬಂದಿದ್ದರೆ, ಯಾರೋ ತೆರಿಗೆಯನ್ನು ಬಿಟ್ಟು 40,000 ಮಾತ್ರ ಎಂಟ್ರಿ ಮಾಡಿದ್ದಾರೆ. 47,200 ಪಾವತಿಯಾದ ಮೇಲೆ ಆ ಪಾರ್ಟಿಯ ಲೆಡ್ಜರ್ 7,200 ಡೆಬಿಟ್ ಬಾಕಿ ತೋರಿಸುತ್ತದೆ, ನಾವು ಮುಂಗಡ ಕೊಟ್ಟಿದ್ದೇವೆ ಎಂಬಂತೆ. ಪೂರ್ತಿ ಬಿಲ್ಲಿನಷ್ಟು ಬಾಕಿ ಹೆಚ್ಚಾಗಿ ಉಳಿದಿದ್ದರೆ, ಬಿಲ್ಲು ಬಂದಾಗೊಮ್ಮೆ ಉದ್ರಿ ಖರೀದಿ ಎಂದೂ, ಹಣ ಕೊಟ್ಟಾಗ ಇನ್ನೊಮ್ಮೆ ಖರೀದಿಗೆ ಡೆಬಿಟ್, ಬ್ಯಾಂಕಿಗೆ ಕ್ರೆಡಿಟ್ ಎಂದೂ ಎಂಟ್ರಿಯಾಗಿದೆ. ಹಣ ಕೊಡುವಾಗ ಡೆಬಿಟ್ ಆಗಬೇಕಾದ್ದು ಪಾರ್ಟಿಯ ಖಾತೆ, ಖರೀದಿಯಲ್ಲ.

ನಮ್ಮ ದಾವಣಗೆರೆ ಅಂಗಡಿಯಲ್ಲಿ ಎಲ್ಲ ಪಾರ್ಟಿಗಳ ಬಾಕಿಯೂ ಸರಿಯಿದೆ. ಹಾಗಾಗಿ ತಪ್ಪು ಕ್ರೆಡಿಟ್ ಕಡೆಯಲ್ಲಿಲ್ಲ. ಪ್ರತಿ ಬಿಲ್ಲಿನ ಡೆಬಿಟ್ ಮೊತ್ತ ಯಾವ ಯಾವ ಖಾತೆಗೆ ಹಂಚಿಕೆಯಾಗಿದೆ ಎಂಬಲ್ಲಿದೆ, ಇಲ್ಲವೇ ಯಾವ ತಿಂಗಳಿಗೆ ಸೇರಿದೆ ಎಂಬಲ್ಲಿದೆ.

ತಪ್ಪು ಒಂದು: ಐಜಿಎಸ್‌ಟಿ ಎರಡು ಹೋಳಾಗಿದೆ

ಮೂರು ಹೆಡ್‌ಗಳಲ್ಲಿ ಮೊದಲು ಐಜಿಎಸ್‌ಟಿಯನ್ನೇ ಹಿಡಿಯಿರಿ. ಅದು ಬೀಳುವುದು ಹೊರರಾಜ್ಯದ ಖರೀದಿಗೆ; ಸಣ್ಣ ಅಂಗಡಿಗೆ ಅಂಥ ಬಿಲ್ಲುಗಳು ಕಡಿಮೆ, ಹುಡುಕುವುದು ಬೇಗ ಮುಗಿಯುತ್ತದೆ. 2ಬಿಯ ಬಿಲ್ಲುವಾರು ಪಟ್ಟಿಯಲ್ಲಿ ಐಜಿಎಸ್‌ಟಿ ಇರುವುದು ಒಂದೇ ಬಿಲ್ಲಿಗೆ: ಗುಜರಾತಿನ ಜಾಮ್‌ನಗರದಿಂದ ಬಂದ ಹಿತ್ತಾಳೆ ನಲ್ಲಿಗಳು, ಮೌಲ್ಯ 25,000, ಐಜಿಎಸ್‌ಟಿ 4,500, ಒಟ್ಟು 29,500. ಪುಸ್ತಕದಲ್ಲಿ ಅದೇ ಬಿಲ್ಲನ್ನು ತೆರೆದರೆ ಸಿಜಿಎಸ್‌ಟಿ 2,250, ಎಸ್‌ಜಿಎಸ್‌ಟಿ 2,250 ಎಂದಿದೆ. ಒಟ್ಟು ಮೊತ್ತ ಸರಿಯಿರುವುದರಿಂದ ಪಾರ್ಟಿಗೂ ತಕರಾರಿಲ್ಲ, ಟ್ರಯಲ್ ಬ್ಯಾಲೆನ್ಸಿಗೂ ತಕರಾರಿಲ್ಲ.

ಇಂಥ ತಪ್ಪಿನ ಬೇರು ಸಾಮಾನ್ಯವಾಗಿ ಬಿಲ್ಲಿನ ಎಂಟ್ರಿಯಲ್ಲಿ ಇರುವುದಿಲ್ಲ, ಪಾರ್ಟಿಯ ಲೆಡ್ಜರ್ ಸೃಷ್ಟಿಸಿದ ದಿನವೇ ಬಿದ್ದಿರುತ್ತದೆ. ಇಲ್ಲಿ ನಲ್ಲಿ ಕಂಪನಿಯ ಏಜೆಂಟರು ಬೆಂಗಳೂರಿನವರು. ಅವರ ವಿಳಾಸ ಹಾಕಿ, ರಾಜ್ಯದ ಜಾಗದಲ್ಲಿ ಕರ್ನಾಟಕ ಎಂದು ಆರಿಸಿದ್ದರು. ಹೀಗಾದಾಗ ಟ್ಯಾಲಿಯಂಥ ತಂತ್ರಾಂಶ ಇದನ್ನು ರಾಜ್ಯದೊಳಗಿನ ಖರೀದಿ ಎಂದೇ ತಿಳಿಯುತ್ತದೆ. ಬಿಲ್ಲಿನ ಮೇಲಿರುವ ಮಾರಾಟಗಾರರ ಜಿಎಸ್‌ಟಿ ನಂಬರಿನ ಮೊದಲೆರಡು ಅಂಕಿ ನೋಡಿ. ಕರ್ನಾಟಕಕ್ಕೆ 29, ಗುಜರಾತಿಗೆ 24, ಮಹಾರಾಷ್ಟ್ರಕ್ಕೆ 27, ತಮಿಳುನಾಡಿಗೆ 33. ಇದಕ್ಕೆ ವಿರುದ್ಧವಾದದ್ದೂ ನಡೆಯುತ್ತದೆ: ಕಂಪನಿ ಮುಂಬೈಯದ್ದಾದರೂ ಬಿಲ್ಲು ಅವರ ಹುಬ್ಬಳ್ಳಿ ಡಿಪೋದಿಂದ 29ರ ನಂಬರಿನಲ್ಲಿ ಬಂದಿದ್ದರೆ ಅದು ರಾಜ್ಯದೊಳಗಿನ ಖರೀದಿ. ಕಂಪನಿಯ ಹೆಸರು ನೋಡಿ ನಿರ್ಧರಿಸಬಾರದು, ಬಿಲ್ಲು ನೋಡಿ ನಿರ್ಧರಿಸಬೇಕು.

ತಿದ್ದುಪಡಿ ಎಂಟ್ರಿ ಹೀಗೆ:

ಇನ್‌ಪುಟ್ ಐಜಿಎಸ್‌ಟಿ ಖಾತೆ, ಡೆಬಿಟ್ 4,500
ಇನ್‌ಪುಟ್ ಸಿಜಿಎಸ್‌ಟಿ ಖಾತೆಗೆ, ಕ್ರೆಡಿಟ್ 2,250
ಇನ್‌ಪುಟ್ ಎಸ್‌ಜಿಎಸ್‌ಟಿ ಖಾತೆಗೆ, ಕ್ರೆಡಿಟ್ 2,250

ಒಟ್ಟು ಒಂದೇ ತಾನೆ, ಹೋಳಾದರೇನು ಎಂದು ಕೇಳುವವರಿದ್ದಾರೆ. ಒಂದೇ ಅಲ್ಲ. ಸಿಜಿಎಸ್‌ಟಿ ಕ್ರೆಡಿಟ್ಟನ್ನು ಎಸ್‌ಜಿಎಸ್‌ಟಿ ಕಟ್ಟಲು ಬಳಸುವಂತಿಲ್ಲ, ಎಸ್‌ಜಿಎಸ್‌ಟಿಯನ್ನು ಸಿಜಿಎಸ್‌ಟಿಗೂ ಬಳಸುವಂತಿಲ್ಲ. ಐಜಿಎಸ್‌ಟಿ ಕ್ರೆಡಿಟ್ ಮಾತ್ರ ಮೊದಲು ಐಜಿಎಸ್‌ಟಿ ಬಾಕಿಗೆ, ಉಳಿದದ್ದು ಉಳಿದೆರಡಕ್ಕೂ ಬಳಸಬಹುದು, ಮತ್ತು ಬೇರೆ ಕ್ರೆಡಿಟ್ ಮುಟ್ಟುವ ಮೊದಲು ಅದನ್ನೇ ಪೂರ್ತಿ ಬಳಸಿ ಮುಗಿಸಬೇಕು. ಹೆಡ್ ತಪ್ಪಿದರೆ ತೆರಿಗೆ ಹೊಂದಿಸುವ ಲೆಕ್ಕವೆಲ್ಲ ತಪ್ಪುತ್ತದೆ.

ಈ ತಿದ್ದುಪಡಿಯ ನಂತರ ಐಜಿಎಸ್‌ಟಿ ಹೊಂದಿತು. ಆದರೆ ಸಿಜಿಎಸ್‌ಟಿ 15,150ರಿಂದ 12,900ಕ್ಕೆ ಇಳಿಯಿತು. 2ಬಿಯ 15,600ರ ಜತೆ ಹೋಲಿಸಿದರೆ ವ್ಯತ್ಯಾಸ 450 ಇದ್ದದ್ದು 2,700 ಆಯಿತು. ಸರಿ ಮಾಡಲು ಹೋಗಿ ವ್ಯತ್ಯಾಸ ದೊಡ್ಡದಾಯಿತಲ್ಲ ಎಂದು ಗಾಬರಿಯಾಗಿ ಎಂಟ್ರಿಯನ್ನು ಅಳಿಸಬೇಡಿ. ಅಡಗಿದ್ದ ಉಳಿದ ತಪ್ಪುಗಳು ಈಗ ಹೊರಬರುತ್ತಿವೆ.

ತಪ್ಪು ಎರಡು: ಪುಸ್ತಕದಲ್ಲಿದೆ, 2ಬಿಯಲ್ಲಿಲ್ಲ

ಈಗ ಪುಸ್ತಕದ ಬಿಲ್ಲುಗಳನ್ನು ಒಂದೊಂದಾಗಿ 2ಬಿಯಲ್ಲಿ ಹುಡುಕಿ ಟಿಕ್ ಹಾಕಿ. ಹೋಲಿಸಬೇಕಾದ್ದು ಜಿಎಸ್‌ಟಿ ನಂಬರು, ಬಿಲ್ ನಂಬರು, ತಾರೀಖು, ತೆರಿಗೆ ಮೊತ್ತ. ಬಿಲ್ ನಂಬರನ್ನು ಅವರು ಛಾಪಿಸಿದ ಹಾಗೆಯೇ ಎಂಟ್ರಿ ಮಾಡಿರದಿದ್ದರೆ ಇಲ್ಲಿ ಬಹಳ ಸಮಯ ಹಾಳಾಗುತ್ತದೆ. ಬಿಲ್ಲಿನಲ್ಲಿ PV/25-26/0412 ಎಂದಿದ್ದು ನಮ್ಮಲ್ಲಿ 412 ಎಂದಿದ್ದರೆ ತಂತ್ರಾಂಶಕ್ಕೆ ಅವು ಎರಡು ಬೇರೆ ಬಿಲ್ಲುಗಳು.

ಟಿಕ್ ಬೀಳದೆ ಉಳಿದದ್ದು ಹುಬ್ಬಳ್ಳಿಯ ಬಣ್ಣದ ವ್ಯಾಪಾರಿಯ 29 ಅಕ್ಟೋಬರ್ ತಾರೀಖಿನ ಬಿಲ್ಲು: ಮೌಲ್ಯ 10,000, ಸಿಜಿಎಸ್‌ಟಿ 900, ಎಸ್‌ಜಿಎಸ್‌ಟಿ 900. ನಮ್ಮ ಎಂಟ್ರಿಯಲ್ಲಿ ತಪ್ಪಿಲ್ಲ. ಮಾಲು ಬಂದಿದೆ, ಬಿಲ್ಲು ಕೈಯಲ್ಲಿದೆ. ವಿಚಾರಿಸಿದಾಗ ಅವರು ಮೂರು ತಿಂಗಳಿಗೊಮ್ಮೆ ರಿಟರ್ನ್ ಹಾಕುವವರು ಎಂದು ತಿಳಿಯಿತು. ಅಂಥವರು ತ್ರೈಮಾಸಿಕದ ಮೊದಲೆರಡು ತಿಂಗಳ ಬಿಲ್ಲುಗಳನ್ನು ಪ್ರತ್ಯೇಕವಾಗಿ ಏರಿಸುವ ಅವಕಾಶವಿದ್ದರೂ ಅದು ಕಡ್ಡಾಯವಲ್ಲ. ಅವರು ಏರಿಸದಿದ್ದರೆ, ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಬಿಲ್ಲುಗಳೆಲ್ಲ ಜನವರಿ 13ರೊಳಗೆ ಹಾಕುವ ಜಿಎಸ್‌ಟಿಆರ್-1ರಲ್ಲಿ ಹೋಗಿ, ಜನವರಿ 14ರಂದು ತಯಾರಾಗುವ ಡಿಸೆಂಬರ್ 2ಬಿಯಲ್ಲಿ ನಮಗೆ ಕಾಣಿಸುತ್ತವೆ.

2022ರ ಜನವರಿಯಿಂದ, 2ಬಿಯಲ್ಲಿ ಕಾಣದ ಬಿಲ್ಲಿನ ಕ್ರೆಡಿಟ್ ಪಡೆಯುವಂತಿಲ್ಲ. ಹಾಗಾಗಿ ಈ 1,800ನ್ನು ಅಕ್ಟೋಬರ್ ಕ್ರೆಡಿಟ್ಟಿನಿಂದ ಪಕ್ಕಕ್ಕೆ ಸರಿಸಬೇಕು. ಖರೀದಿ ಎಂಟ್ರಿಯನ್ನು ಮುಟ್ಟಬಾರದು. ಖರೀದಿ ನಿಜ, ಪಾರ್ಟಿ ಬಾಕಿಯೂ ನಿಜ. ತೆರಿಗೆಯನ್ನು ಮಾತ್ರ ತಾತ್ಕಾಲಿಕ ಲೆಡ್ಜರಿಗೆ ಕಳಿಸಿ:

2ಬಿಗೆ ಕಾದಿರುವ ಸಿಜಿಎಸ್‌ಟಿ ಖಾತೆ, ಡೆಬಿಟ್ 900
2ಬಿಗೆ ಕಾದಿರುವ ಎಸ್‌ಜಿಎಸ್‌ಟಿ ಖಾತೆ, ಡೆಬಿಟ್ 900
ಇನ್‌ಪುಟ್ ಸಿಜಿಎಸ್‌ಟಿ ಖಾತೆಗೆ, ಕ್ರೆಡಿಟ್ 900
ಇನ್‌ಪುಟ್ ಎಸ್‌ಜಿಎಸ್‌ಟಿ ಖಾತೆಗೆ, ಕ್ರೆಡಿಟ್ 900

ವಿವರಣೆಯಲ್ಲಿ ಪಾರ್ಟಿಯ ಹೆಸರು, ಬಿಲ್ ನಂಬರು, ತಾರೀಖು ಬರೆಯಲೇಬೇಕು. "ಐಟಿಸಿ ವರ್ಗಾವಣೆ" ಎಂದಷ್ಟೇ ಬರೆದರೆ ಜನವರಿಯಲ್ಲಿ ಯಾವ ಬಿಲ್ಲಿನದು ಎಂದು ಮತ್ತೆ ಹುಡುಕಾಟ ಶುರು.

ಈಗ ಪುಸ್ತಕದ ಸಿಜಿಎಸ್‌ಟಿ 12,000. ವ್ಯತ್ಯಾಸ 3,600ಕ್ಕೆ ಬೆಳೆಯಿತು. ಇದು ಉಳಿದಿರುವ ಕೊನೆಯ ತಪ್ಪು, ಮತ್ತು ಎಲ್ಲಕ್ಕಿಂತ ದುಬಾರಿಯಾದದ್ದು.

ತಪ್ಪು ಮೂರು: ಖರೀದಿ ಖಾತೆ ತೆರಿಗೆಯನ್ನು ನುಂಗಿದೆ

2ಬಿಯಲ್ಲಿದ್ದು ಪುಸ್ತಕದ ತೆರಿಗೆ ಲೆಡ್ಜರಿನಲ್ಲಿಲ್ಲದ ಮೊತ್ತ ಸಿಕ್ಕಾಗ, ಬಿಲ್ಲು ಎಂಟ್ರಿಯೇ ಆಗಿಲ್ಲ ಎಂದು ತಕ್ಷಣ ಹೊಸದಾಗಿ ಹಾಕಬೇಡಿ. ಪಾರ್ಟಿ ಬಾಕಿ ಸರಿಯಿದೆ ಎಂದು ಆಗಲೇ ಗೊತ್ತಾಗಿದೆ, ಹಾಗಾಗಿ ಬಿಲ್ಲು ಎಲ್ಲೋ ಇರಲೇಬೇಕು. 2ಬಿಯ ಪಟ್ಟಿಯಲ್ಲಿ ಟಿಕ್ ಆಗದೆ ಉಳಿದ ಸಾಲು ನೋಡಿದರೆ ಸಾಕು. ಪಟ್ಟಿ ಉದ್ದವಿದ್ದು ಸಿಗದಿದ್ದರೆ ವ್ಯತ್ಯಾಸದಿಂದ ಹಿಂದಕ್ಕೆ ಲೆಕ್ಕ ಹಾಕಬಹುದು:

```
3,600 ÷ 0.09 = 40,000
40,000 × 1.18 = 47,200
```

ಶೇ. 5ರ ಮಾಲಾದರೆ 0.025ರಿಂದ ಭಾಗಿಸಿ 1.05ರಿಂದ ಗುಣಿಸಿ. ವ್ಯತ್ಯಾಸದಲ್ಲಿ ಒಂದೇ ಬಿಲ್ಲು ಉಳಿದಿದ್ದಾಗ ಮಾತ್ರ ಈ ಲೆಕ್ಕ ಫಲಿಸುತ್ತದೆ. ಮೊದಲೇ 450ರ ಮೇಲೆ ಹಾಕಿದ್ದರೆ 5,900ರ ಬಿಲ್ಲನ್ನು ಹುಡುಕುತ್ತಾ ಕೂರಬೇಕಿತ್ತು.

ಖರೀದಿ ಲೆಡ್ಜರಿನಲ್ಲಿ 47,200 ಎಂದು ಹುಡುಕಿದರೆ ನಮ್ಮ ಪೈಪಿನ ಬಿಲ್ಲು ಎದುರಾಗುತ್ತದೆ. ಪೂರ್ತಿ ಮೊತ್ತ ಖರೀದಿಗೆ ಡೆಬಿಟ್, ಪಾರ್ಟಿಗೆ ಕ್ರೆಡಿಟ್. ಖರೀದಿ ವೋಚರಿನ ಬದಲು ಎರಡೇ ಸಾಲಿನ ಜರ್ನಲ್ಲಿನಲ್ಲಿ ಬಿಲ್ಲು ಹಾಕುವ ಅಭ್ಯಾಸವಿರುವ ಕಡೆ ಈ ತಪ್ಪು ಹೆಚ್ಚು. ಬಿಲ್ಲಿನ ಕೆಳಗಿನ ದಪ್ಪಕ್ಷರದ ಮೊತ್ತವನ್ನಷ್ಟೇ ನೋಡಿ ಹಾಕಿಬಿಡುತ್ತಾರೆ.

ಇದರ ಪರಿಣಾಮ ತೆರಿಗೆ ಲೆಡ್ಜರಿನಲ್ಲಿ ನಿಲ್ಲುವುದಿಲ್ಲ. 200 ಪೈಪು 47,200ಕ್ಕೆ ಬಂದವು ಎಂದು ಪುಸ್ತಕ ಹೇಳಿದರೆ, ಒಂದು ಪೈಪಿನ ಅಸಲು 236 ಆಗುತ್ತದೆ. ನಿಜವಾದ ಅಸಲು ಸಾಗಣೆ ಸೇರಿ 200. ಮರಳಿ ಸಿಗುವ ತೆರಿಗೆ ಅಸಲಿಗೆ ಸೇರುವುದಿಲ್ಲ, ಒಳಸಾಗಣೆ ಸೇರುತ್ತದೆ. ಮಾಲೀಕರು 236ರ ಮೇಲೆ ಲಾಭ ಇಟ್ಟು, ಅದರ ಮೇಲೆ ಮತ್ತೆ ಶೇ. 18 ಹಾಕಿ ದರ ಹೇಳಿದರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾರೆ. ಪೈಪು ಮಾರಾಟವಾಗಿದ್ದರೆ ಲಾಭ 7,200 ಕಡಿಮೆ ಕಾಣುತ್ತದೆ. ಮಾರಾಟವಾಗದೆ ಉಳಿದಿದ್ದರೆ ದಾಸ್ತಾನಿನ ಮೌಲ್ಯ ಉಬ್ಬುತ್ತದೆ. ಜಿಎಸ್‌ಟಿಆರ್-3ಬಿಗೆ 2ಬಿಯಿಂದ ತಾನಾಗಿ ತುಂಬಿಬಂದ ಮೊತ್ತವನ್ನೇ ಒಪ್ಪಿ ಸಲ್ಲಿಸಿದ್ದರೆ ಪೋರ್ಟಲ್ಲಿನಲ್ಲಿ ಕ್ರೆಡಿಟ್ ಸಿಕ್ಕಿರುತ್ತದೆ, ಪುಸ್ತಕದಲ್ಲಿ ಇರುವುದಿಲ್ಲ. ಆಗ ತೆರಿಗೆ ಹೊಂದಾಣಿಕೆಯ ಎಂಟ್ರಿ ಹಾಕಿದ ಮೇಲೆ ಇನ್‌ಪುಟ್ ಸಿಜಿಎಸ್‌ಟಿ ಲೆಡ್ಜರ್ ಕ್ರೆಡಿಟ್ ಬಾಕಿಗೆ ತಿರುಗಬಹುದು. ಇನ್‌ಪುಟ್ ಲೆಡ್ಜರಿನಲ್ಲಿ ಕ್ರೆಡಿಟ್ ಬಾಕಿ ಕಂಡರೆ ಮೊದಲು ಅನುಮಾನಿಸಬೇಕಾದ್ದು ಇದನ್ನೇ.

ಜರ್ನಲ್ಲಿನಲ್ಲಿ ತಿದ್ದುವುದಾದರೆ:

ಇನ್‌ಪುಟ್ ಸಿಜಿಎಸ್‌ಟಿ ಖಾತೆ, ಡೆಬಿಟ್ 3,600
ಇನ್‌ಪುಟ್ ಎಸ್‌ಜಿಎಸ್‌ಟಿ ಖಾತೆ, ಡೆಬಿಟ್ 3,600
ಒಳಸಾಗಣೆ ವೆಚ್ಚ ಖಾತೆ, ಡೆಬಿಟ್ 2,000
ಖರೀದಿ ಖಾತೆಗೆ, ಕ್ರೆಡಿಟ್ 9,200

47,200ರಲ್ಲಿ 9,200 ಹೋದರೆ ಖರೀದಿಯಲ್ಲಿ 38,000 ಉಳಿಯುತ್ತದೆ, ಸರಿಯಾದ ಎಂಟ್ರಿಯಲ್ಲಿದ್ದಷ್ಟೇ.

ಆದರೆ ನನ್ನ ಅಭಿಪ್ರಾಯದಲ್ಲಿ, ಆ ತಿಂಗಳ ರಿಟರ್ನ್ ಇನ್ನೂ ಹೋಗಿಲ್ಲದಿದ್ದರೆ ಜರ್ನಲ್ ಬೇಡ. ಮೂಲ ವೋಚರನ್ನೇ ರದ್ದು ಮಾಡಿ, ಟ್ಯಾಲಿಯಲ್ಲಾದರೆ F9 ಒತ್ತಿ ಖರೀದಿ ವೋಚರಿನಲ್ಲೇ ಬಿಲ್ ನಂಬರ್ ಸಹಿತ ಹೊಸದಾಗಿ ಹಾಕಿ. F7ನ ತಿದ್ದುಪಡಿ ಜರ್ನಲ್ ಲೆಡ್ಜರ್ ಮೊತ್ತವನ್ನು ಸರಿಮಾಡುತ್ತದೆ, ಆದರೆ ದಾಸ್ತಾನಿನಲ್ಲಿ ಕೂತ 236ರ ದರ ಹಾಗೇ ಉಳಿಯುತ್ತದೆ. 2ಬಿ ಹೋಲಿಕೆಯಲ್ಲೂ ಆ ಬಿಲ್ಲು ಹೊಂದದೆಯೇ ನಿಲ್ಲುತ್ತದೆ. ರಿಟರ್ನ್ ಸಲ್ಲಿಕೆಯಾಗಿ ಹೋಗಿದ್ದು, ಹಳೆಯ ತಿಂಗಳನ್ನು ಮುಟ್ಟಬಾರದು ಎಂದಿದ್ದಾಗ ಮಾತ್ರ ಜರ್ನಲ್ ದಾರಿ ಹಿಡಿಯಿರಿ, ದಾಸ್ತಾನಿನ ದರವನ್ನು ಬೇರೆಯಾಗಿ ಸರಿಪಡಿಸಿ. ನಲ್ಲಿ ಬಿಲ್ಲಿಗೂ ಇದೇ ಮಾತು: ಪಾರ್ಟಿ ಲೆಡ್ಜರಿನ ರಾಜ್ಯವನ್ನು ಮೊದಲು ತಿದ್ದಿ, ಆಮೇಲೆ ವೋಚರನ್ನು ಮತ್ತೆ ತೆರೆದು ಉಳಿಸಿ. ಇಲ್ಲದಿದ್ದರೆ ಮುಂದಿನ ನಲ್ಲಿ ಬಿಲ್ಲೂ ಇದೇ ದಾರಿ ಹಿಡಿಯುತ್ತದೆ.

ಎಲ್ಲ ತೆರಿಗೆಯನ್ನೂ ಬೇರ್ಪಡಿಸಬೇಕೆಂದಿಲ್ಲ

ತೆರಿಗೆ ಸಹಿತ ಪೂರ್ತಿ ಮೊತ್ತ ವೆಚ್ಚಕ್ಕೆ ಹೋಗಿರುವುದೆಲ್ಲ ತಪ್ಪಲ್ಲ. ಅಂಗಡಿ ಕಾಂಪೊಸಿಷನ್ ಯೋಜನೆಯಲ್ಲಿದ್ದರೆ ಕ್ರೆಡಿಟ್ಟೇ ಇಲ್ಲ, 47,200 ಪೂರ್ತಿ ಖರೀದಿಗೇ ಹೋಗಬೇಕು. ಸಾಮಾನ್ಯ ನೋಂದಣಿಯಲ್ಲಿದ್ದರೂ ಸಿಬ್ಬಂದಿಯ ಊಟ ತಿಂಡಿಯ ಬಿಲ್ಲು, ಮಾಲೀಕರ ಓಡಾಟದ ಕಾರು ಮುಂತಾದವಕ್ಕೆ ಕ್ರೆಡಿಟ್ ತಡೆಹಿಡಿಯಲಾಗಿದೆ. ಸಿಜಿಎಸ್‌ಟಿ ಕಾಯ್ದೆಯ 17(5)ನೇ ಕಲಂ ಅವುಗಳ ಪಟ್ಟಿ ಕೊಡುತ್ತದೆ. 2ಬಿಯಲ್ಲಿ ಕಂಡಿತೆಂಬ ಕಾರಣಕ್ಕೆ ಅವುಗಳ ತೆರಿಗೆಯನ್ನು ಇನ್‌ಪುಟ್‌ಗೆ ತಂದರೆ ಹೊಸ ತಪ್ಪಾಗುತ್ತದೆ. ಅಂಗಡಿಗೆಂದು ಕೊಂಡ ಬಿಲ್ಲಿಂಗ್ ಪ್ರಿಂಟರ್ ಬೇರೆ ಬಗೆ: ಕ್ರೆಡಿಟ್ ಇದೆ, ಆದರೆ ಅದು ಖರೀದಿ ಖಾತೆಗಲ್ಲ, ಆಸ್ತಿ ಖಾತೆಗೆ ಹೋಗಬೇಕು. ಕ್ರೆಡಿಟ್ ಪಡೆದ ತೆರಿಗೆಯನ್ನು ಆಸ್ತಿಯ ಬೆಲೆಗೂ ಸೇರಿಸಿ ಸವಕಳಿ ತೆಗೆಯುವಂತಿಲ್ಲ, ಎರಡರಲ್ಲಿ ಒಂದೇ.

ಮತ್ತೆ ತಾಳೆ ನೋಡಿ

ಮೂರೂ ತಿದ್ದಿದ ಮೇಲೆ ಐಜಿಎಸ್‌ಟಿ 4,500. ಸಿಜಿಎಸ್‌ಟಿ 15,150ರಲ್ಲಿ 2,250 ಮತ್ತು 900 ಕಳೆದು 3,600 ಕೂಡಿದರೆ 15,600. ಎಸ್‌ಜಿಎಸ್‌ಟಿಯೂ ಅಷ್ಟೇ. ಮೂರೂ 2ಬಿಗೆ ಹೊಂದಿದವು. 2ಬಿ ನವೆಂಬರ್ 14ಕ್ಕೆ ಬರುತ್ತದೆ, ತಿಂಗಳಿಗೊಮ್ಮೆ ಸಲ್ಲಿಸುವವರಿಗೆ 3ಬಿಯ ಗಡುವು 20. ಈ ಕೆಲಸಕ್ಕೆ ಸಿಗುವುದು ಆ ನಡುವಿನ ದಿನಗಳೇ.

ಉದ್ರಿ ಖರೀದಿಯಾದ್ದರಿಂದ ಇನ್ನೊಂದನ್ನು ಇಲ್ಲೇ ಪರೀಕ್ಷಿಸಿ. ಬಿಲ್ಲಿನ ತಾರೀಖಿನಿಂದ 180 ದಿನದೊಳಗೆ ಪಾರ್ಟಿಗೆ ಹಣ ಕೊಡದಿದ್ದರೆ, ಕೊಡದ ಭಾಗದ ಕ್ರೆಡಿಟ್ಟನ್ನು ಬಡ್ಡಿ ಸಹಿತ ಹಿಂದಿರುಗಿಸಬೇಕು. ಹಣ ಕೊಟ್ಟ ಮೇಲೆ ಮತ್ತೆ ಪಡೆಯಬಹುದು. ಪೈಪಿನ ಬಿಲ್ಲಿಗೆ 180ನೇ ದಿನ 2026ರ ಏಪ್ರಿಲ್ 6. ಎಣಿಕೆ ಬಿಲ್ಲಿನ ತಾರೀಖಿನಿಂದ, ಮಾಲು ಇಳಿದ ದಿನದಿಂದಲ್ಲ. ವೋಚರಿನಲ್ಲಿ ಮಾಲು ಬಂದ ತಾರೀಖು ಹಾಕಿ, ಪಾರ್ಟಿಯ ಬಿಲ್ ತಾರೀಖಿನ ಜಾಗ ಖಾಲಿ ಬಿಟ್ಟಿದ್ದರೆ ಬಾಕಿಯ ವಯಸ್ಸಿನ ವರದಿ ಅಷ್ಟು ದಿನ ತಡವಾಗಿ ಎಚ್ಚರಿಸುತ್ತದೆ.

ಉಳಿದದ್ದು ಬಣ್ಣದ ಬಿಲ್ಲಿನ 1,800. ಡಿಸೆಂಬರ್ 2ಬಿಯಲ್ಲಿ ಅದು ಕಂಡ ದಿನ ಮೇಲಿನ ಎಂಟ್ರಿಯನ್ನು ತಿರುಗಿಸಿ ಇನ್‌ಪುಟ್ ಲೆಡ್ಜರುಗಳಿಗೆ ಮರಳಿ ತನ್ನಿ. ಕಾಣದಿದ್ದರೆ ವ್ಯಾಪಾರಿಗೆ ಬಿಲ್ ನಂಬರ್ ಕೊಟ್ಟು ಕೇಳಿ. ನಮ್ಮ ಜಿಎಸ್‌ಟಿ ನಂಬರನ್ನು ತಪ್ಪಾಗಿ ಹಾಕಿ ಬೇರೆಯವರ 2ಬಿಗೆ ಕಳಿಸಿರುವುದೂ ಉಂಟು. 2025–26ರ ಬಿಲ್ಲಿಗೆ ಕ್ರೆಡಿಟ್ ಪಡೆಯಲು 2026ರ ನವೆಂಬರ್ 30 ಅಥವಾ ವಾರ್ಷಿಕ ರಿಟರ್ನ್ ಸಲ್ಲಿಸಿದ ದಿನ, ಯಾವುದು ಮೊದಲೋ ಅಲ್ಲಿವರೆಗೆ ಅವಕಾಶ. ಅದೂ ದಾಟಿದರೆ ಆ ಮೊತ್ತವನ್ನು ಕಾದಿರುವ ಲೆಡ್ಜರಿನಲ್ಲಿ ಆಸ್ತಿಯೆಂದು ಇಟ್ಟುಕೊಳ್ಳುವಂತಿಲ್ಲ. ವ್ಯಾಪಾರಿ ಕೊಡಲೊಪ್ಪಿದರೆ ಅವರ ಖಾತೆಗೆ, ಒಪ್ಪದಿದ್ದರೆ ಖರೀದಿ ಖಾತೆಗೆ 1,800 ಡೆಬಿಟ್ ಮಾಡಿ ಮುಗಿಸಬೇಕು.